ಡ್ರಾಯಿಂಗಿನಲ್ಲಿ ಬರೆಯದ ಆಳ

ಕೇಳುಗರೆ, ನಮಸ್ಕಾರ. ಇವತ್ತಿನ ಮಾತು ಲೇತು, ಮಿಲ್ಲಿಂಗ್ ಮಷಿನ್ನಿನ ಮುಂದೆ ನಿಲ್ಲುವವರಿಗೆ, ಐಟಿಐನಲ್ಲಿ ಕಲಿಯುತ್ತಿರುವ ಮಕ್ಕಳಿಗೆ. ಒಂದು ಹಾಳೆ, ಒಂದು ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ. ನಾನು ಹೇಳಿದ್ದನ್ನು ಗೀರುತ್ತಾ ಹೋದರೆ ಸುಲಭವಾಗುತ್ತದೆ.

ನಮ್ಮ ಬಳ್ಳಾರಿಯ ವರ್ಕ್‌ಶಾಪುಗಳಿಗೆ ಸಿರುಗುಪ್ಪ, ಗಂಗಾವತಿ ಕಡೆಯ ಅಕ್ಕಿ ಗಿರಣಿಗಳಿಂದ ಬಿಡಿಭಾಗದ ಕೆಲಸ ಬರುತ್ತಲೇ ಇರುತ್ತದೆ. ಅಂಥದ್ದೊಂದು ಬ್ಲಾಕನ್ನು ಕಲ್ಪಿಸಿಕೊಳ್ಳೋಣ. ಎರಕದ ಕಬ್ಬಿಣದ್ದು. ಹಳೇ ದಲಾಲಿ ಅಂಗಡಿಯಲ್ಲಿ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕಿನ ಹಾಗೆ ಅದರ ಆಕಾರ. ತಳ ಸಮತಟ್ಟು. ಎಡಗಡೆ ಗೋಡೆಯ ಎತ್ತರ 80 ಮಿಲಿಮೀಟರ್. ಆ ಗೋಡೆಯ ತಲೆಯಿಂದ ಮೇಲ್ಮುಖ ಬಲಕ್ಕೆ 30 ಡಿಗ್ರಿಯಲ್ಲಿ ಇಳಿಯುತ್ತದೆ. ಆ ಇಳಿಜಾರು ಮುಖಕ್ಕೆ ನೇರ ಲಂಬವಾಗಿ 16 ಮಿಲಿಮೀಟರಿನ ಒಂದು ತೂತು. ಒಂದು ಪಿನ್ನು ಕೂರುವುದಕ್ಕೆ. ಆರುಪಾರು ತೂತಲ್ಲ, ಒಳಗೆ ಸಮತಟ್ಟಾದ ತಳ ಇದೆ. ಎಷ್ಟು ಆಳ? ಡ್ರಾಯಿಂಗಿನಲ್ಲಿ ಎಲ್ಲೂ ಬರೆದಿಲ್ಲ.

ಬರೆದಿರುವುದು ಇಷ್ಟು. ಸೆಕ್ಷನ್ ವ್ಯೂನಲ್ಲಿ, ಅಂದರೆ ಬ್ಲಾಕನ್ನು ತೂತಿನ ನಡುವೆ ಸೀಳಿ ತೋರಿಸಿದ ನೋಟದಲ್ಲಿ, 80 ಇದೆ, 30 ಡಿಗ್ರಿ ಇದೆ, ತೂತಿನ ತಳದ ನಡುಬಿಂದು ಬ್ಲಾಕಿನ ತಳದಿಂದ 34 ಎತ್ತರದಲ್ಲಿದೆ ಅಂತ ಇದೆ. ಇನ್ನು ಆಕ್ಸಿಲರಿ ವ್ಯೂ. ಇಳಿಜಾರು ಮುಖದ ಎದುರಿಗೇ ನಿಂತು ನೋಡಿದ ನೋಟ ಅದು. ಅದರಲ್ಲಿ ತೂತು ಸರಿಯಾದ ದುಂಡಗೆ ಕಾಣುತ್ತದೆ. ಅದರ ಸೆಂಟರ್ ಮೇಲಿನ ಅಂಚಿನಿಂದ 40 ದೂರ ಅಂತ ಬರೆದಿದೆ.

ಈಗ ಲೆಕ್ಕ. ಆಕ್ಸಿಲರಿ ವ್ಯೂನ 40 ಇಳಿಜಾರಿನ ಮೇಲೇ ಅಳೆದ ನಿಜವಾದ ದೂರ. 30 ಡಿಗ್ರಿ ಇಳಿಜಾರಿನಲ್ಲಿ ಎಷ್ಟು ದೂರ ಹೋದರೂ ಅದರ ಅರ್ಧದಷ್ಟು ಕೆಳಗಿಳಿದಿರುತ್ತೇವೆ. 40 ಹೋದರೆ 20 ಇಳಿದೆವು. 80ರಲ್ಲಿ 20 ಕಳೆದರೆ 60. ಅಂದರೆ ತೂತಿನ ಬಾಯಿಯ ಸೆಂಟರ್ ತಳದಿಂದ 60 ಎತ್ತರದಲ್ಲಿದೆ. ತೂತಿನ ತಳದ ಸೆಂಟರ್ 34ರಲ್ಲಿದೆ. ನಡುವಿನ ಅಂತರ 26.

ಇಲ್ಲೇ ಬಹಳ ಜನ ನಿಲ್ಲಿಸಿಬಿಡುತ್ತಾರೆ. 26 ಆಳ ಅಂತ ಗೀಚಿಕೊಂಡು ಡ್ರಿಲ್ ಇಳಿಸುತ್ತಾರೆ. ಆದರೆ 26 ಅನ್ನುವುದು ನೆಟ್ಟಗೆ ಮೇಲಿನಿಂದ ಕೆಳಕ್ಕಿನ ಅಂತರ. ತೂತು ನೆಟ್ಟಗಿಲ್ಲ. ಅದು ಇಳಿಜಾರು ಮುಖಕ್ಕೆ ಲಂಬವಾಗಿರುವುದರಿಂದ ನೆಟ್ಟಗಿನ ಗೆರೆಯಿಂದ ಅದೂ 30 ಡಿಗ್ರಿ ವಾಲಿದೆ. ವಾಲಿದ ಗೆರೆ ಯಾವಾಗಲೂ ಉದ್ದ. 26ನ್ನು 30 ಡಿಗ್ರಿಯ ಕೊಸೈನಿನಿಂದ, ಅಂದರೆ 0.866ರಿಂದ ಭಾಗಿಸಿ. 30 ಬರುತ್ತದೆ. ಅದು ತೂತಿನ ನಿಜವಾದ ಆಳ. 26ಕ್ಕೇ ನಿಲ್ಲಿಸಿದವರ ಪಿನ್ನು 4 ಮಿಲಿಮೀಟರ್ ಹೆಚ್ಚಿಗೆ ಹೊರಗೆ ನಿಲ್ಲುತ್ತದೆ.

ಆ 40ನ್ನು ಟಾಪ್ ವ್ಯೂನಲ್ಲಿ ಸ್ಕೇಲ್ ಇಟ್ಟು ಅಳೆಯುವವರೂ ಇದ್ದಾರೆ. ಮೇಲಿನಿಂದ ನೋಡಿದಾಗ ಇಳಿಜಾರು ಕುಗ್ಗಿ ಕಾಣುತ್ತದೆ. 40 ಅಲ್ಲಿ ಸುಮಾರು 34.6 ಆಗಿರುತ್ತದೆ. ದುಂಡು ತೂತು ಮೊಟ್ಟೆಯ ಆಕಾರಕ್ಕೆ ಬಂದಿರುತ್ತದೆ. ಅದೇ ಗುರುತು: ತೂತು ದುಂಡಗಿಲ್ಲದ ನೋಟದಿಂದ ಇಳಿಜಾರಿನ ದೂರ ತೆಗೆದುಕೊಳ್ಳಬೇಡಿ. ಆ 34.6ನ್ನೇ ಇಳಿಜಾರಿನ ದೂರ ಅಂದುಕೊಂಡು ಲೆಕ್ಕ ಹಾಕಿದರೆ ಆಳ 33 ಬರುತ್ತದೆ, ಮೂರು ಮಿಲಿಮೀಟರ್ ಜಾಸ್ತಿ.

ಸೆಕ್ಷನ್ ವ್ಯೂಗೂ ಒಂದು ಷರತ್ತಿದೆ. ಸೀಳಿದ ಗೆರೆ ತೂತಿನ ಸೆಂಟರ್ ಮೇಲೆಯೇ, ಇಳಿಜಾರು ಇಳಿಯುವ ದಿಕ್ಕಿನಲ್ಲೇ ಹೋಗಿರಬೇಕು. ಓರೆಯಾಗಿ ಸೀಳಿದ್ದರೆ ಅಲ್ಲಿ ಕಾಣುವ ಕೋನವೂ ನಿಜವಲ್ಲ, ಆಳವೂ ನಿಜವಲ್ಲ. ಬಾಣದ ಗುರುತಿನ ಗೆರೆ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಮೊದಲು ನೋಡಿ.

ಇದಕ್ಕಿಂತ ಸೂಕ್ಷ್ಮವಾದದ್ದು ಆ 34. ಅದರ ಗೆರೆ ತೂತಿನ ತಳದಲ್ಲಿ ಯಾವ ಜಾಗಕ್ಕೆ ಮುಟ್ಟಿದೆ? ತಳವೂ ಇಳಿಜಾರಿಗೆ ಸಮಾನಾಂತರವಾಗಿ ವಾಲಿರುವುದರಿಂದ ಅದರ ಬಲಮೂಲೆ ಸೆಂಟರಿಗಿಂತ 4 ಮಿಲಿಮೀಟರ್ ಕೆಳಗಿರುತ್ತದೆ. ಗೆರೆ ಸೆಂಟರ್ ಲೈನಿಗೆ ಮುಟ್ಟಿದ್ದರೆ ನಮ್ಮ ಲೆಕ್ಕ ಸರಿ, ಆಳ 30. ಅದೇ ಗೆರೆ ಕೆಳಮೂಲೆಗೆ ಮುಟ್ಟಿದ್ದರೆ ಸೆಂಟರ್ 38ರಲ್ಲಿದೆ ಅಂತಾಯಿತು, ಅಂತರ 22, ಆಳ ಬರೀ 25.4. ಅಂಕಿ ಅದೇ, ಬಂದ ಆಳ ಬೇರೆ. ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿದ ಡ್ರಾಯಿಂಗಿನಲ್ಲಿ ಈ ಎರಡು ಜಾಗ ಒಂದೇ ಥರ ಕಾಣಬಹುದು. ಅನುಮಾನ ಬಂದರೆ ಮಾಡಿಸುವವರಿಗೆ ಫೋನ್ ಹಚ್ಚಿ ಕೇಳುವುದೇ ಸರಿ. ಕೇಳಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಹುಡುಗರನ್ನು ನೋಡಿದ್ದೇನೆ. ಜಾಬ್ ಗುಜರಿಗೆ ಹೋದರೆ ಹೋಗುವುದು ಅದಕ್ಕಿಂತ ಹೆಚ್ಚು.

ಇಷ್ಟೆಲ್ಲಾ ಬದಲು ಆಳ 30 ಅಂತ ಬರೆದುಬಿಟ್ಟಿದ್ದರೆ ಆಗುತ್ತಿರಲಿಲ್ಲವೇ ಅಂತ ಕೇಳಬಹುದು. ಬ್ಲಾಕಿನ ತಳ ನೋಡಿ. ಕೆಳಗಿನಿಂದ ಒಂದು ಬೋಲ್ಟಿನ ತೂತು 22 ಮಿಲಿಮೀಟರ್ ಮೇಲಕ್ಕೆ ಬಂದಿದೆ ಅಂತಿಟ್ಟುಕೊಳ್ಳಿ. ಪಿನ್ನಿನ ತೂತಿನ ಕೆಳಮೂಲೆ 30ರಲ್ಲಿ. ನಡುವೆ ಉಳಿಯುವ ಕಬ್ಬಿಣ 8 ಮಿಲಿಮೀಟರ್. ಡ್ರಾಯಿಂಗ್ ಮಾಡಿದವರು ಕಾಪಾಡಲು ಹೊರಟಿರುವುದು ಈ 8ನ್ನು. ಆಳ ಹೇಗೆ ಬಂದರೂ ಅವರಿಗೆ ನಡೆಯುತ್ತದೆ, 34 ಮಾತ್ರ ತಪ್ಪಬಾರದು. ಆಳವನ್ನೂ ಬರೆದರೆ ಒಂದೇ ಜಾಗಕ್ಕೆ ಎರಡು ಹುಕುಂ ಆಗುತ್ತದೆ, ಎರಕದಲ್ಲಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಒಂದನ್ನು ಪಾಲಿಸಿದರೆ ಇನ್ನೊಂದು ತಪ್ಪುತ್ತದೆ.

ಆದ್ದರಿಂದ 30 ಅನ್ನುವುದು ಕಾಗದದ ಮೇಲಿನ ಆಳ. ಕೈಗೆ ಬಂದ ಎರಕದ ಗೋಡೆ 80ರ ಬದಲು 81 ಇದ್ದು, ಆ ವ್ಯತ್ಯಾಸಕ್ಕೆ ಡ್ರಾಯಿಂಗಿನಲ್ಲಿ ಅವಕಾಶವೂ ಇದ್ದರೆ, ತೂತಿನ ಬಾಯಿ 61ಕ್ಕೆ ಏರಿತು. 34 ಕಾಪಾಡಬೇಕಾದರೆ ಅಂತರ 27, ಆಳ 31 ಚಿಲ್ಲರೆ. ಮೊದಲು ಜಾಬಿನ ಎತ್ತರ ಅಳೆದು ಆಮೇಲೆ ಆಳದ ಲೆಕ್ಕ ಹಾಕಿ. ಅಂಚು ಉರುಟಾಗಿದ್ದರೆ ಎರಡೂ ಮುಖಗಳು ಮುಂದುವರಿದು ಕೂಡುವ ಜಾಗವೇ ಅಳತೆಯ ಅಂಚು, ಉರುಟಾದ ಮೈ ಅಲ್ಲ.

ಮಷಿನ್ನಿನ ಮೇಲೆ ಬ್ಲಾಕನ್ನು 30 ಡಿಗ್ರಿ ವಾಲಿಸಿ, ಇಳಿಜಾರು ಮುಖ ಮಟ್ಟವಾಗುವ ಹಾಗೆ ಹಿಡಿಯಿರಿ. ಮುಖಕ್ಕೆ ಡಯಲ್ ಓಡಿಸಿ ನೋಡಿ. ಈಗ ಸ್ಪಿಂಡಲ್ ಇಳಿಯುವ ದೂರವೇ ತೂತಿನ ಆಳ, ಇನ್ನು ಕೊಸೈನ್ ಬೇಡ. ಮೊದಲು ಹಾಕುವ ಡ್ರಿಲ್ಲಿನ ವಿಷಯದಲ್ಲಿ ಮಾತ್ರ ಎಚ್ಚರ: 16ರ ಡ್ರಿಲ್ಲಿನ ಚೂಪು ತುದಿಯೇ 5 ಮಿಲಿಮೀಟರಿನ ಹತ್ತಿರ ಉದ್ದ ಇರುತ್ತದೆ. ತುದಿ ಮುಖಕ್ಕೆ ಮುಟ್ಟಿದಾಗ ಸೊನ್ನೆ ಇಟ್ಟು 29ಕ್ಕೆ ನಿಲ್ಲಿಸಿ. ಉಳಿದ ಶಂಕುವನ್ನು 16ರ ಎಂಡ್ ಮಿಲ್ ಹಾಕಿ 30ಕ್ಕೆ ಸಪಾಟು ಮಾಡಿ. ಎಂಡ್ ಮಿಲ್ಲಿಗೆ ಸೊನ್ನೆಯನ್ನು ಮತ್ತೆ ಹೊಸದಾಗಿ ಮುಖದ ಮೇಲೇ ಇಡಬೇಕು, ಡ್ರಿಲ್ಲಿನ ಸೊನ್ನೆ ಅದಕ್ಕೆ ನಡೆಯುವುದಿಲ್ಲ. ಕೊನೆಗೆ ಡೆಪ್ತ್ ಗೇಜನ್ನು ಇಳಿಜಾರು ಮುಖದ ಮೇಲೆ ಒತ್ತಿ ಕೂರಿಸಿ ಓದಿ. 30 ತೋರಿಸಿದ ಮೇಲೆ ಬ್ಲಾಕ್ ಬಿಚ್ಚಿ, ಬೋರಲು ಹಾಕಿ, ಬೋಲ್ಟಿನ ತೂತಿಗೆ ಕೈ ಹಾಕಿ.