ಗಡಿಯಾರಕ್ಕೆ ಬೇಸಿಸ್ ಯಾಕಿಲ್ಲ?

ಕೇಳುಗರೆಲ್ಲರಿಗೂ ನಮಸ್ಕಾರ. ಕೈಗೆ ಸಿಗುವಂತೆ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ. ಸಣ್ಣ ಸಣ್ಣ ಲೆಕ್ಕ ಹಾಕೋಣ.

ಕಾಲೇಜಿನಲ್ಲಿ ಗಣಿತ ಓದಿದವರಿಗೆ ವೆಕ್ಟರ್ ಸ್ಪೇಸ್ ನೆನಪಿರುತ್ತದೆ. ಅಲ್ಲಿ ಬೇಸಿಸ್ ಎಂದರೆ ಎರಡು ಗುಣಗಳಿರುವ ಗುಂಪು. ಒಂದು, ಅದರಿಂದ ಎಲ್ಲ ವೆಕ್ಟರ್‌ಗಳನ್ನೂ ಕಟ್ಟಬಹುದು. ಎರಡು, ಆ ಗುಂಪು ಸ್ವತಂತ್ರ. ಅಂದರೆ ಸದಸ್ಯರನ್ನು ಸಂಖ್ಯೆಗಳಿಂದ ಗುಣಿಸಿ ಕೂಡಿಸಿದಾಗ ಸೊನ್ನೆ ಬಂದರೆ, ಗುಣಿಸಿದ ಸಂಖ್ಯೆಗಳೆಲ್ಲ ಸೊನ್ನೆಯೇ ಆಗಿರಬೇಕು.

ವೆಕ್ಟರ್ ಸ್ಪೇಸ್‌ನಲ್ಲಿ ಸೊನ್ನೆಯಲ್ಲದ ಯಾವ ವೆಕ್ಟರ್ ಆದರೂ ಒಂಟಿಯಾಗಿ ಸ್ವತಂತ್ರವೇ. ಅದನ್ನು 7ರಿಂದ ಗುಣಿಸಿದಾಗ ಸೊನ್ನೆ ಬಂತು ಅಂದುಕೊಳ್ಳಿ. ಆಗ 7ರಿಂದ ಭಾಗಿಸಿದರೆ ವೆಕ್ಟರೇ ಸೊನ್ನೆ ಎಂದಾಗಿಬಿಡುತ್ತದೆ. ಈ ಭಾಗಾಕಾರದ ಹೆಜ್ಜೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ನೋಡಲಿರುವ ಮಾಡ್ಯೂಲ್ ಎಂಬ ರಚನೆಯಲ್ಲಿ ಕೈಕೊಡುವುದು ಇದೇ.

ಮಾಡ್ಯೂಲ್‌ನಲ್ಲಿ ನಿಯಮಗಳು ಹೆಚ್ಚು ಕಡಿಮೆ ಹಳೆಯವೇ. ಆದರೆ ಗುಣಿಸುವ ಸಂಖ್ಯೆಗಳು ರಿಂಗ್ ಒಂದರಿಂದ ಬರುತ್ತವೆ. ಅಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು ಇದೆ. ಭಾಗಿಸುವುದಕ್ಕೆ ಖಾತ್ರಿಯಿಲ್ಲ. ಪೂರ್ಣಾಂಕಗಳು ಇಂಥ ರಿಂಗ್. 2 ಪೂರ್ಣಾಂಕ, ಆದರೆ ಅರ್ಧ ಅಲ್ಲಿಲ್ಲ.

ಈಗ ಗೋಡೆ ಗಡಿಯಾರ ನೋಡಿ. 12ನ್ನು 0 ಎಂದು ಕರೆಯೋಣ. ಆಗ 0ಯಿಂದ 11ರವರೆಗೆ 12 ಸದಸ್ಯರು. 9ಕ್ಕೆ 5 ಕೂಡಿಸಿದರೆ 2 ಬರುತ್ತದೆ. ಪೂರ್ಣಾಂಕದಿಂದ ಗುಣಿಸುವುದೆಂದರೆ ಅಷ್ಟು ಸಲ ಕೂಡಿಸುವುದು. ಇದು ಪೂರ್ಣಾಂಕಗಳ ಮೇಲಿನ ಮಾಡ್ಯೂಲ್.

ಇದಕ್ಕೆ ಬೇಸಿಸ್ ಹುಡುಕೋಣ. 1 ಎಂಬ ಒಬ್ಬ ಸದಸ್ಯನಿಂದಲೇ ಎಲ್ಲರೂ ಸಿಗುತ್ತಾರೆ. ಆದರೆ ಅವನು ಸ್ವತಂತ್ರನೇ? 1ನ್ನು 12 ಸಲ ಕೂಡಿಸಿದರೆ 0. ಗುಣಿಸಿದ 12 ಸೊನ್ನೆಯಲ್ಲ, ಫಲ ಮಾತ್ರ ಸೊನ್ನೆ. 4ನ್ನು ತೆಗೆದುಕೊಂಡರೆ ಮೂರೇ ಸಲಕ್ಕೆ ಸೊನ್ನೆ. 6 ಎರಡೇ ಸಲಕ್ಕೆ. ಯಾರನ್ನೇ ಹಿಡಿಯಿರಿ, 12ರಿಂದ ಗುಣಿಸಿದರೆ ಸೊನ್ನೆಯಾಗುತ್ತಾರೆ. ಹೀಗೆ ಸೊನ್ನೆಯಲ್ಲದ ಸಂಖ್ಯೆಯೊಂದು ಸದಸ್ಯನನ್ನು ಸೊನ್ನೆ ಮಾಡಿದರೆ, ಆ ಸದಸ್ಯನನ್ನು ಟಾರ್ಶನ್ ಸದಸ್ಯ ಎನ್ನುತ್ತಾರೆ. ಇಲ್ಲಿ ಎಲ್ಲರೂ ಟಾರ್ಶನ್. ಹಾಗಾಗಿ ಒಬ್ಬನೇ ಇರುವ ಗುಂಪು ಕೂಡ ಸ್ವತಂತ್ರವಲ್ಲ. ಸ್ವತಂತ್ರವಾಗಿ ಉಳಿಯುವುದು ಖಾಲಿ ಗುಂಪು ಒಂದೇ, ಅದರಿಂದ 0 ಬಿಟ್ಟು ಬೇರೇನೂ ಕಟ್ಟಲಾಗದು. ಬೇಸಿಸ್ ಇಲ್ಲ ಅಂತಾಯಿತು.

ತಪ್ಪು ಗಡಿಯಾರದ್ದೋ, ಗುಣಿಸುವ ಸಂಖ್ಯೆಗಳದ್ದೋ? ಪರೀಕ್ಷಿಸಬಹುದು. ಸದಸ್ಯರು ಅವರೇ ಇರಲಿ. ಗುಣಿಸುವ ಸಂಖ್ಯೆಗಳನ್ನೂ ಗಡಿಯಾರದಿಂದಲೇ ತರೋಣ, ಅಂದರೆ 0ಯಿಂದ 11. ಈಗ 12 ಎಂದರೆ 0 ಎಂದೇ ಅರ್ಥ. 1ನ್ನು ಗುಣಿಸಿ ಸೊನ್ನೆ ಮಾಡಲು ಸೊನ್ನೆಯೇ ಬೇಕು. ಹಾಗಾಗಿ 1 ಬೇಸಿಸ್ ಆಗುತ್ತದೆ! ಬೇಸಿಸ್ ಇದೆಯೇ ಎಂದು ಕೇಳುವಾಗ ಯಾವ ರಿಂಗ್ ಮೇಲೆ ಎಂದು ಕೇಳದಿದ್ದರೆ ಪ್ರಶ್ನೆಯೇ ಅರ್ಧ.

ಆದರೂ ಕಾಟ ಪೂರ್ತಿ ತಪ್ಪಲಿಲ್ಲ. ಇದೇ ಗಡಿಯಾರದಲ್ಲಿ 0, 4, 8 ಈ ಮೂವರನ್ನು ಮಾತ್ರ ನೋಡಿ. ಅವರದ್ದೇ ಒಂದು ಚಿಕ್ಕ ಮಾಡ್ಯೂಲ್. ಮೂವರನ್ನೂ 3 ಸೊನ್ನೆ ಮಾಡುತ್ತದೆ, ಗಡಿಯಾರದಲ್ಲಿ 3 ಸೊನ್ನೆಯಲ್ಲ. ಮತ್ತೆ ಬೇಸಿಸ್ ಇಲ್ಲ. ಬೇಸಿಸ್ ಇರುವ ಮಾಡ್ಯೂಲ್‌ನ ಒಳಗೆ ಬೇಸಿಸ್ ಇಲ್ಲದ ಭಾಗ ಕೂತಿದೆ. ವೆಕ್ಟರ್ ಸ್ಪೇಸ್‌ನಲ್ಲಿ ಹೀಗೆ ಎಂದೂ ಆಗದು.

ಹಾಗಾದರೆ ಟಾರ್ಶನ್ ಇಲ್ಲದಿದ್ದರೆ ಬೇಸಿಸ್ ಖಂಡಿತ ಅಲ್ವಾ? ಇಲ್ಲ. ಭಿನ್ನರಾಶಿಗಳನ್ನೆಲ್ಲ ಸೇರಿಸಿಕೊಳ್ಳಿ, ಗುಣಿಸುವುದು ಮಾತ್ರ ಪೂರ್ಣಾಂಕಗಳಿಂದ. ಸೊನ್ನೆಯಲ್ಲದ ಭಿನ್ನರಾಶಿಯನ್ನು ಸೊನ್ನೆಯಲ್ಲದ ಪೂರ್ಣಾಂಕದಿಂದ ಗುಣಿಸಿದರೆ ಸೊನ್ನೆ ಬರುವುದೇ ಇಲ್ಲ. ಟಾರ್ಶನ್ ಇಲ್ಲ. ಆದರೆ ಅರ್ಧವನ್ನೂ ಮೂರನೇ ಒಂದನ್ನೂ ತೆಗೆದುಕೊಳ್ಳಿ. ಅರ್ಧದ ಎರಡು ಪಟ್ಟು 1, ಮೂರನೇ ಒಂದರ ಮೂರು ಪಟ್ಟೂ 1. ಒಂದರಿಂದ ಇನ್ನೊಂದನ್ನು ಕಳೆದರೆ ಸೊನ್ನೆ, ಅಂದರೆ ಎರಡೂ ಸೇರಿ ಸ್ವತಂತ್ರವಲ್ಲ. ಯಾವ ಎರಡು ಭಿನ್ನರಾಶಿಗಳಿಗೂ ಇದೇ ಗತಿ. ಹಾಗಾಗಿ ಬೇಸಿಸ್‌ನಲ್ಲಿ ಒಬ್ಬನೇ ಇರಬೇಕು. ಅರ್ಧ ಸಾಕೇ? ಅದರ ಪೂರ್ಣಾಂಕ ಪಟ್ಟುಗಳಲ್ಲಿ ಕಾಲು ಬರುವುದಿಲ್ಲ. ಕಾಲು ಸಾಕೇ? ಅರೆಕಾಲು ಬರುವುದಿಲ್ಲ. ಯಾರನ್ನು ಆರಿಸಿದರೂ ಅವನ ಅರ್ಧ ಹೊರಗೇ ಉಳಿಯುತ್ತದೆ.

ಪೂರ್ಣಾಂಕಗಳ ಮೇಲೆ ಒಂದು ಒಳ್ಳೆಯ ಪ್ರಮೇಯವಿದೆ. ಸೀಮಿತ ಸಂಖ್ಯೆಯ ಸದಸ್ಯರಿಂದಲೇ ಮಾಡ್ಯೂಲ್ ಪೂರ್ತಿ ಕಟ್ಟಲು ಬಂದು, ಟಾರ್ಶನ್ ಕೂಡ ಇಲ್ಲದಿದ್ದರೆ, ಬೇಸಿಸ್ ಇದ್ದೇ ಇರುತ್ತದೆ. ಭಿನ್ನರಾಶಿಗಳು ಈ ಮೊದಲ ಷರತ್ತಿನಲ್ಲೇ ಎಡವುತ್ತವೆ. ಹತ್ತು ಭಿನ್ನರಾಶಿ ಕೊಟ್ಟರೆ ಅವುಗಳ ಛೇದಗಳನ್ನೆಲ್ಲ ಗುಣಿಸಿ ಇಟ್ಟುಕೊಳ್ಳಿ. ಆ ಹತ್ತರಿಂದ ಏನೇ ಕಟ್ಟಿದರೂ ಅದನ್ನು ಆ ಛೇದದಲ್ಲೇ ಬರೆಯಬಹುದು. ಅದರ ಎರಡು ಪಟ್ಟು ಛೇದವಿರುವ, ಅಂಶ 1 ಆಗಿರುವ ಭಿನ್ನರಾಶಿ ನಿಮಗೆ ಸಿಗುವುದೇ ಇಲ್ಲ. ನಮಸ್ಕಾರ.