ಅಜ್ಜನ ಬಿಳಿ ಗಡ್ಡ ಹಸಿರಾದಾಗ

ಈ ಫೋಟೋದಲ್ಲಿ ಅಜ್ಜನ ಗದ್ದದ ಕೆಳಗೆ ನೋಡಿ. ಎರಡು ದಿನದ ಬಿಳಿ ಗಡ್ಡ ಇದೆ ಅಲ್ವಾ, ಅದು ಹಸಿರಾಗಿದೆ. ಹಣೆಯ ಬಣ್ಣ ಸರಿಯಾಗಿದೆ, ಹೆಗಲ ಮೇಲಿನ ಶಲ್ಯವೂ ಬಿಳಿಯೇ. ಕೆಳಗೆ ಬರ್ತಾ ಬರ್ತಾ ಕುತ್ತಿಗೆಗೆ ಪಾಚಿ ಕಟ್ಟಿದ ಹಾಗೆ ಕಾಣುತ್ತದೆ.

ಇದನ್ನು ತೆಗೆದದ್ದು ಶಿರಸಿ ಹತ್ತಿರ, ನಮ್ಮ ಅಡಿಕೆ ತೋಟದ ಅಂಚಿನಲ್ಲಿ. ಬೆಳಿಗ್ಗೆ ಒಂಬತ್ತೂವರೆ. ಅಜ್ಜ ನೆರಳಲ್ಲಿ ನಿಂತಿದ್ದರು, ಅವರ ಕಾಲ ಬುಡದ ಹುಲ್ಲಿಗೆ ಮಾತ್ರ ಬಿಸಿಲು ಬಿದ್ದಿತ್ತು. ಹುಲ್ಲು ಬಿಸಿಲಿನ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಹಸಿರನ್ನು ಜಾಸ್ತಿ ಹಿಂದಕ್ಕೆ ಎಸೆಯುತ್ತದೆ. ಆ ಬೆಳಕು ಕೆಳಗಿನಿಂದ ಮೇಲೆ ಬಂದು ಗದ್ದದ ಅಡಿ, ಮೂಗಿನ ಕೆಳಗೆ, ಹುಬ್ಬಿನ ಕೆಳಗೆ ಕೂರುತ್ತದೆ. ಹಣೆಗೆ ಬಿದ್ದದ್ದು ಆಕಾಶದ ಬೆಳಕು. ಅಂದರೆ ಒಂದೇ ಮುಖದ ಮೇಲೆ ಎರಡು ಬಣ್ಣದ ಬೆಳಕು.

ಹಾಗಾಗಿ ಇಡೀ ಫೋಟೋದ ವೈಟ್ ಬ್ಯಾಲೆನ್ಸ್ ಬದಲಾಯಿಸಿದರೆ ಕೆಲಸ ಆಗುವುದಿಲ್ಲ. ಮೊದಲು ನಾನೂ ಅದನ್ನೇ ಮಾಡಿದೆ. ಲೈಟ್‌ರೂಮ್‌ನಲ್ಲಿ Tint ಬಲಕ್ಕೆ, ಗುಲಾಬಿ ಕಡೆಗೆ ಎಳೆದೆ, ಕುತ್ತಿಗೆ ಸರಿಹೋಯಿತು. ಆದರೆ ಹಣೆ ಗುಲಾಬಿಯಾಯಿತು, ಶಲ್ಯವೂ ಗುಲಾಬಿಯಾಯಿತು.

ಈಗ ನಾನು ಮಾಡುವ ಕ್ರಮ ಹೇಳುತ್ತೇನೆ. ಮೊದಲು ಹಣೆ ಮತ್ತು ಶಲ್ಯಕ್ಕೆ ಹೊಂದುವ ಹಾಗೆ ಇಡೀ ಫೋಟೋದ ವೈಟ್ ಬ್ಯಾಲೆನ್ಸ್ ಇಟ್ಟುಕೊಳ್ಳುತ್ತೇನೆ. ಆಮೇಲೆ ಮಾಸ್ಕ್‌ನಲ್ಲಿ Brush ತೆಗೆದುಕೊಂಡು ಹಸಿರು ಕೂತ ಜಾಗಕ್ಕೆ ಮಾತ್ರ ಬಳಿಯುತ್ತೇನೆ. Feather ಪೂರ್ತಿ, Flow 30ರ ಆಸುಪಾಸು. ಬೆಳಕು ಎಲ್ಲೂ ಗೆರೆ ಎಳೆದ ಹಾಗೆ ನಿಲ್ಲುವುದಿಲ್ಲವಲ್ಲ, ಬ್ರಷ್ ಕೂಡ ನಿಲ್ಲಬಾರದು. ಗದ್ದದ ಅಡಿ ನಾಲ್ಕು ಸಲ, ಕೆನ್ನೆಯ ಕಡೆ ಹೋಗುತ್ತಾ ಒಂದೇ ಸಲ.

ಎಷ್ಟು ಎಳೆಯಬೇಕು ಅನ್ನುವುದನ್ನು ಕಣ್ಣಳತೆಗೆ ಬಿಡಬೇಡಿ. ಹತ್ತು ನಿಮಿಷ ಹಸಿರು ನೋಡುತ್ತಾ ಕೂತರೆ ಕಣ್ಣು ಅದಕ್ಕೇ ಒಗ್ಗಿಹೋಗುತ್ತದೆ. ಇಲ್ಲಿ ಅಜ್ಜನ ಗಡ್ಡವೇ ದಾರಿ ತೋರಿಸುತ್ತದೆ. ಬಿಳಿ ಕೂದಲಿಗೆ ಸ್ವಂತ ಬಣ್ಣ ಇಲ್ಲದಷ್ಟು ಕಮ್ಮಿ. ಅದರ ಮೇಲೆ ಮೌಸ್ ಇಟ್ಟರೆ ಹಿಸ್ಟೋಗ್ರಾಮ್ ಕೆಳಗೆ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಶೇಕಡಾ ಅಂತ R, G, B ಮೂರು ಅಂಕಿ ಕಾಣುತ್ತವೆ. ನನಗೆ ಸಿಕ್ಕಿದ್ದು R 44, G 50, B 38. ಮೂರೂ ಹೆಚ್ಚುಕಮ್ಮಿ ಒಂದೇ ಆಗಬೇಕಿತ್ತು. ಮಾಸ್ಕ್‌ನ Tint ಅನ್ನು ನಿಧಾನವಾಗಿ ಬಲಕ್ಕೆ, Temp ಅನ್ನು ಒಂದಿಷ್ಟು ಎಡಕ್ಕೆ, ನೀಲಿ ಕಡೆಗೆ ಸರಿಸಿದೆ. 46, 45, 44ಕ್ಕೆ ಬಂದಾಗ ನಿಲ್ಲಿಸಿದೆ.

ಚರ್ಮಕ್ಕೆ ಲೆಕ್ಕ ಬೇರೆ. ಅಲ್ಲಿ ಅಂಕಿಗಳು ಸಮ ಆದರೆ ಮುಖ ಬೂದಿಯಾಗುತ್ತದೆ. ನಮ್ಮ ಕಂದು ಚರ್ಮದಲ್ಲಿ R ಎಲ್ಲಕ್ಕಿಂತ ಜಾಸ್ತಿ, ಆಮೇಲೆ G, ಕೊನೆಗೆ B ಇರುತ್ತದೆ. ಗದ್ದದ ಅಡಿ ಚರ್ಮದಲ್ಲಿ R 31, G 33 ಇತ್ತು. ಹಸಿರು ಕೆಂಪನ್ನು ದಾಟಿತ್ತು, ಪಾಚಿಯ ಹಾಗೆ ಕಂಡದ್ದು ಅದಕ್ಕೇ. ಗಡ್ಡ ಸರಿಯಾದ ಮೇಲೆ ಅದೇ ಚರ್ಮ R 34, G 28ಕ್ಕೆ ಬಂತು. ಎರಡಕ್ಕೂ ಬಿದ್ದದ್ದು ಒಂದೇ ಬೆಳಕು, ಅದಕ್ಕೇ ಒಂದು ಸರಿಯಾದರೆ ಇನ್ನೊಂದೂ ಸರಿಯಾಗುತ್ತದೆ.

ಇನ್ನೊಂದು ಪರೀಕ್ಷೆ ಇದೆ. ಇಡೀ ಫೋಟೋದ Saturation ಒಂದು ಕ್ಷಣ ಪೂರ್ತಿ ಮೇಲಕ್ಕೆ ಏರಿಸಿ. ಎಲ್ಲಿ ಹಸಿರು ಉಳಿದಿದೆ, ಎಲ್ಲಿ ಜಾಸ್ತಿ ಎಳೆದು ನೇರಳೆಯಾಗಿದೆ ಅಂತ ಎದ್ದು ಕಾಣುತ್ತದೆ. ನನಗೆ ಕಿವಿಯ ಹಿಂದೆ ಬ್ರಷ್ ಆಚೆ ಹೋಗಿ ಅಡಿಕೆ ಸೋಗೆ ಕಂದಾಗಿದ್ದು ಸಿಕ್ಕಿತು. ಅಳಿಸಿ, Saturation ಮತ್ತೆ ಇದ್ದಲ್ಲಿಗೆ ತಂದೆ. ಕೊನೆಗೆ ಮಾಸ್ಕ್‌ನ ಬಲವನ್ನೂ ಸ್ವಲ್ಪ ತಗ್ಗಿಸಿದೆ. ತೋಟದಲ್ಲಿ ನಿಂತವರ ಗದ್ದದಲ್ಲಿ ತುಸು ಹಸಿರು ಇರಲೇಬೇಕು. ಪೂರ್ತಿ ತೆಗೆದರೆ ಮುಖವನ್ನು ಬೇರೆ ಕಡೆಯಿಂದ ತಂದು ಅಂಟಿಸಿದ ಹಾಗಿರುತ್ತದೆ.

ನೀಲಿ ಗೋಡೆಯದೂ ಇದೇ ಕಥೆ. ತಂಗಿ ಜಗಲಿಯ ನೀಲಿ ಗೋಡೆಗೆ ಒರಗಿ ನಿಂತಾಗ ಗೋಡೆ ಕಡೆಯ ಕೆನ್ನೆ ಬೂದು ನೇರಳೆಯಾಗಿತ್ತು. ಅಲ್ಲಿ ಮಾಸ್ಕ್‌ನ Temp ಬಲಕ್ಕೆ, ಹಳದಿ ಕಡೆಗೆ. ಎರಡು ಹೆಜ್ಜೆ ಈಚೆ ನಿಲ್ಲಿಸಿ ಮತ್ತೊಂದು ತೆಗೆದೆ, ಅದಕ್ಕೆ ಏನೂ ಮಾಡಬೇಕಾಗಲಿಲ್ಲ.

ಇದೆಲ್ಲ ರಾ ಫೈಲ್‌ನಲ್ಲಿ ಚೆನ್ನಾಗಿ ಆಗುತ್ತದೆ. ಫೋನಿನ ಜೆಪೆಗ್‌ನಲ್ಲಿ ಕತ್ತಲಾದ ಗದ್ದದ ಅಡಿ ಕೆಂಪು ಹೆಚ್ಚು ಉಳಿದಿರುವುದಿಲ್ಲ. ಎಳೆದಷ್ಟೂ ಕಲೆ ಕಲೆಯಾಗುತ್ತದೆ.

ಮರುದಿನ ಅದೇ ಜಾಗ, ಅದೇ ಹೊತ್ತು. ಅಜ್ಜನ ಒಗೆದ ಬಿಳಿ ಪಂಚೆಯನ್ನು ಅವರ ಮುಂದಿನ ಹುಲ್ಲಿನ ಮೇಲೆ ಹಾಸಿದೆ, ಫ್ರೇಮಿನ ಆಚೆ. "ಪಂಚೆ ಕೊಳೆಯಾಗ್ತು ಮಾಣಿ" ಅಂದರು. ಈ ಸಲ ಗಡ್ಡದ ಮೇಲೆ ಮೌಸ್ ಇಟ್ಟೆ. R 52, G 53, B 50.