ಕಪ್ಪಾಗುವುದು ಉಳಿದ ಕಬ್ಬಿಣ

ವೇದಿಕೆಯ ಮೇಲಿರುವ ಹಿರಿಯರೇ, ಬಾಗಲಕೋಟೆ ಜಿಲ್ಲೆಯ ಬೇರೆ ಬೇರೆ ತಾಲೂಕುಗಳಿಂದ ಬಂದಿರುವ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರೇ,

ಪೋಷಣ ಮಾಸದ ಸಭೆಗಳಲ್ಲಿ ರಕ್ತಹೀನತೆಯ ಬಗ್ಗೆ ನೀವು ಸಾಕಷ್ಟು ಕೇಳಿದ್ದೀರಿ, ಕಬ್ಬಿಣದ ಕೆಂಪು ಗುಳಿಗೆಯನ್ನು ಮನೆಮನೆಗೆ ಮುಟ್ಟಿಸುವವರೂ ನೀವೇ. ಆದ್ದರಿಂದ ರಕ್ತಹೀನತೆ ಎಂದರೇನು ಎಂಬುದನ್ನು ನಾನು ಮತ್ತೆ ಹೇಳುವುದಿಲ್ಲ. ಗುಳಿಗೆ ಮನೆ ಮುಟ್ಟಿದ ಮೇಲೆ ಏನಾಗುತ್ತದೆ ಎಂಬುದಷ್ಟೇ ಇಂದಿನ ವಿಷಯ. ಮೊದಲ ವಾರದಲ್ಲಿ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ, ಪಟ್ಟಿ ಗೂಡಿನಲ್ಲಿ ಉಳಿಯುತ್ತದೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಸಂಕೋಚದಿಂದ ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಟ್ಟವರಿಗೆ ನಮ್ಮ ಸಿಬ್ಬಂದಿ ಸಾಮಾನ್ಯವಾಗಿ ಹೇಳುವ ಉತ್ತರ, "ಕಪ್ಪಾದರೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ" ಎಂಬುದು. ಈ ಉತ್ತರದ ಮೇಲೆ ನನಗೆ ತಕರಾರಿದೆ. ಧೈರ್ಯ ಹೇಳುವುದಕ್ಕೆ ಅದು ಒಳ್ಳೆಯ ಮಾತಿರಬಹುದು, ಆದರೆ ಅದು ನಿಜವಲ್ಲ. ಮಲವನ್ನು ಕಪ್ಪು ಮಾಡುವುದು ದೇಹಕ್ಕೆ ಸೇರಿದ ಕಬ್ಬಿಣವಲ್ಲ, ಸೇರದೆ ಉಳಿದ ಕಬ್ಬಿಣ.

ಇಳಕಲ್ಲಿನ ನೇಕಾರರ ಮನೆಯೊಂದರ ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ವಿಷಯ ಅದರೊಳಗೇ ಇದೆ. ಐದು ತಿಂಗಳ ಗರ್ಭಿಣಿ, ಇಪ್ಪತ್ತೆರಡರ ಹುಡುಗಿ, ಹಿಮೋಗ್ಲೋಬಿನ್ 8.6 ಗ್ರಾಂ. ಇದು ಮಧ್ಯಮ ಪ್ರಮಾಣದ ರಕ್ತಹೀನತೆಯಾದ್ದರಿಂದ ದಿನಕ್ಕೆ ಎರಡು ಗುಳಿಗೆ ಕೊಡಲಾಗಿತ್ತು. ಮಗ್ಗಕ್ಕೆ ಕೂತ ಮೇಲೆ ನೆನಪಾಗುವುದಿಲ್ಲ ಎಂದು ಆಕೆ ಎರಡನ್ನೂ ಬೆಳಿಗ್ಗೆಯೇ, ಖಾಲಿ ಹೊಟ್ಟೆಯಲ್ಲಿ, ಚಹಾದ ಜೊತೆ ನುಂಗುತ್ತಿದ್ದಳು. ಅರ್ಧ ತಾಸಿನಲ್ಲಿ ಎದೆಯ ಕೆಳಗೆ ಉರಿ ಮತ್ತು ಓಕರಿಕೆ ಶುರುವಾಗುತ್ತಿತ್ತು, ಮೂರನೆಯ ದಿನ ಮಲ ಕಪ್ಪಾಯಿತು. ಗುಳಿಗೆ ಬಿಡಿಸಿದವಳು ಅತ್ತೆ. ಆಶಾ ಕಾರ್ಯಕರ್ತೆ ಎರಡು ಸಲ ಹೋಗಿ ಹೇಳಿದರೂ ಆ ತಾಯಿ ಕೇಳಲಿಲ್ಲ, ಕೊನೆಗೆ ಸೊಸೆಯನ್ನು ಕರೆದುಕೊಂಡು ನಮ್ಮ ಆಸ್ಪತ್ರೆಗೇ ಬಂದರು.

"ನಮ್ಮ ಯಜಮಾನ್ರಿಗೂ ಹಿಂಗ ಕರ್ರಗ ಆಗಿ, ಆಮ್ಯಾಲ ರಕ್ತ ಕಾರಿದ್ರು ಸಾಹೇಬ್ರ. ಈ ಗುಳಿಗಿ ನನ್ನ ಸೊಸಿ ಹೊಟ್ಟಿ ಸುಡಾಕತ್ತೈತಿ" ಎಂದರು.

ಇದನ್ನು ಮೂಢನಂಬಿಕೆ ಎನ್ನುವಂತಿಲ್ಲ. ಜಠರದ ಹುಣ್ಣಿನಿಂದ ರಕ್ತ ಸೋರಿದ ಗಂಡನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವರು ಅವರು. ಹೊಟ್ಟೆಯ ಮೇಲ್ಭಾಗದಲ್ಲಿ ರಕ್ತ ಸೋರಿದರೆ ಆಮ್ಲ ಮತ್ತು ಕರುಳಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಿ ಅದು ಕಪ್ಪಾಗಿಯೇ ಹೊರಬರುತ್ತದೆ. ಆದ್ದರಿಂದ ನಾನು ಸಮಾಧಾನ ಹೇಳುವ ಬದಲು ಒಂದು ಪ್ರಶ್ನೆ ಕೇಳಿದೆ: "ಅವ್ವಾ, ಅವರದು ಹೆಂಗಿತ್ತು, ಈಕಿದು ಹೆಂಗೈತಿ?"

"ಅವ್ರದು ಅಂಟಂಟ ಇತ್ರಿ, ನೀರ ಹಾಕಿದ್ರೂ ಹೋಗ್ತಿರಲಿಲ್ಲ, ಮನಿ ತುಂಬ ನಾತ. ಇದು ಹಂಗಿಲ್ರಿ. ಗಟ್ಟಿ ಐತಿ, ಬಣ್ಣ ಅಷ್ಟ ಕರ್ರಗ."

ನಮ್ಮ ಪಠ್ಯಪುಸ್ತಕ ಒಂದು ಪುಟದಲ್ಲಿ ಹೇಳುವುದನ್ನು ಆ ತಾಯಿ ಎರಡು ಉಸಿರಿನಲ್ಲಿ ಹೇಳಿದ್ದರು. ರಕ್ತದಿಂದ ಕಪ್ಪಾದ ಮಲ ಹೊಳಪಿನದು, ಸಡಿಲ, ಅಂಟು, ಬೇರೆಯದೇ ಆದ ದುರ್ವಾಸನೆಯದು. ಕಬ್ಬಿಣದಿಂದ ಕಪ್ಪಾದದ್ದು ಆಕಾರ ಕಳೆದುಕೊಂಡಿರುವುದಿಲ್ಲ, ಅಂಟುವುದಿಲ್ಲ, ತೆಳುವಾಗಿ ಹರಡಿ ನೋಡಿದರೆ ಅನೇಕ ವೇಳೆ ಕಡು ಹಸಿರು ಛಾಯೆ ಕಾಣುತ್ತದೆ. ಗುಳಿಗೆ ನಿಲ್ಲಿಸಿದ ಕೆಲವು ದಿನಗಳಲ್ಲಿ ಬಣ್ಣ ತಾನೇ ಮೊದಲಿನಂತಾಗುತ್ತದೆ.

ಇನ್ನು ಆ ಬಣ್ಣ ಬರುವ ಬಗೆಯನ್ನು ನೋಡೋಣ. ನಮ್ಮ ಕೆಂಪು ಗುಳಿಗೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣವಿದೆ. ಆ ಹುಡುಗಿ ನುಂಗುತ್ತಿದ್ದದ್ದು ದಿನಕ್ಕೆ 120. ಕಬ್ಬಿಣವನ್ನು ಒಳಗೆ ತೆಗೆದುಕೊಳ್ಳುವ ಜಾಗ ಮುಖ್ಯವಾಗಿ ಜಠರ ದಾಟಿದ ಕೂಡಲೇ ಬರುವ ಸಣ್ಣಕರುಳಿನ ಮೊದಲ ಭಾಗ, ಅಂದರೆ ಡ್ಯುವೋಡಿನಮ್ ಮತ್ತು ಅದರ ಮುಂದಿನ ಸ್ವಲ್ಪ ದೂರ. ಕೊರತೆಯಿರುವ ದೇಹ ಹೆಚ್ಚು ಹೀರುತ್ತದೆ ಎಂಬುದು ನಿಜ; ಆದರೂ ಗುಳಿಗೆಯ ಕಬ್ಬಿಣದಲ್ಲಿ ಹತ್ತರಿಂದ ಇಪ್ಪತ್ತು ಪ್ರತಿಶತ ಸೇರಿದರೆ ಅದು ಒಳ್ಳೆಯ ಲೆಕ್ಕ. ಹೆಚ್ಚಿನ ಲೆಕ್ಕವನ್ನೇ ಹಿಡಿದರೂ 120ರಲ್ಲಿ 24 ಒಳಗೆ ಹೋಗಿ 96 ಮಿಲಿಗ್ರಾಂ ಮುಂದಕ್ಕೆ ಸಾಗುತ್ತದೆ. ಚಹಾದ ಜೊತೆ ನುಂಗಿದಾಗ ಅದರ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದುಕೊಳ್ಳುವುದರಿಂದ ಒಳಗೆ ಹೋಗುವುದು ಇನ್ನೂ ಕಡಿಮೆಯಾಗುತ್ತದೆ, ಉಳಿಯುವುದು ಇನ್ನೂ ಹೆಚ್ಚಾಗುತ್ತದೆ.

ಉಳಿದದ್ದು ದೊಡ್ಡಕರುಳಿಗೆ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಆಹಾರದಲ್ಲಿರುವ ಗಂಧಕದ ಅಂಶದಿಂದ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ತಯಾರಿಸುತ್ತವೆ. ಅಪಾನವಾಯುವಿನ ಕೆಟ್ಟ ವಾಸನೆಗೆ ಒಂದು ಕಾರಣ ಇದೇ, ನಗಬೇಡಿ, ಎಲ್ಲರ ಹೊಟ್ಟೆಯಲ್ಲೂ ಇರುವಂಥದ್ದು. ಈ ಅನಿಲ ಕಬ್ಬಿಣದೊಡನೆ ಕೂಡಿದಾಗ ಕಬ್ಬಿಣದ ಸಲ್ಫೈಡ್ ಆಗುತ್ತದೆ, ಅದರ ಬಣ್ಣ ಕಪ್ಪು. ಇದರಲ್ಲಿ ಸುಟ್ಟದ್ದೂ ಇಲ್ಲ, ರಕ್ತವೂ ಇಲ್ಲ. ಹೊಟ್ಟೆಯಲ್ಲಿರುವ ಮಗು ಇದರಿಂದ ಕಪ್ಪಾಗುತ್ತದೆ ಎಂಬ ಭಯವೂ ನಮ್ಮ ಕಡೆ ಇದೆ. ಮಗುವಿನ ಬಣ್ಣಕ್ಕೂ ತಾಯಿಯ ದೊಡ್ಡಕರುಳಿನಲ್ಲಿ ನಡೆಯುವ ಈ ಕ್ರಿಯೆಗೂ ಯಾವ ಸಂಬಂಧವೂ ಇಲ್ಲ.

ಹಾಗಾದರೆ ಮಲದ ಬಣ್ಣ ನಿಮಗೆ ಏನು ಹೇಳುತ್ತದೆ? ಆಕೆ ಗುಳಿಗೆ ನುಂಗಿದ್ದಾಳೆ, ಅದು ಕರಗಿದೆ ಎಂಬಷ್ಟನ್ನು ಹೇಳುತ್ತದೆ. ಎಷ್ಟು ಸೇರಿತು ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ತಿಂಗಳ ನಂತರದ ಹಿಮೋಗ್ಲೋಬಿನ್ ಮಾತ್ರ. ತಿಂಗಳಿಗೆ ಒಂದು ಗ್ರಾಂ ಆದರೂ ಏರಬೇಕು, ಏರದಿದ್ದರೆ ಮುಂದಿನ ಆಸ್ಪತ್ರೆಗೆ ಕಳಿಸಬೇಕು. ಮಲ ಕಪ್ಪಾಗಿದೆ, ಗುಣವಾಗುತ್ತಿದೆ ಎಂದು ನೀವು ಸುಮ್ಮನಾದರೆ ಗುಣವಾಗದ ಹೆಣ್ಣುಮಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ನನ್ನ ತಕರಾರು ಇದೇ.

ಹೊಟ್ಟೆಯ ಉರಿಗೆ ಕಾರಣ ಬೇರೆ, ಜಾಗವೂ ಬೇರೆ. ಜಠರದ ಆಮ್ಲದಲ್ಲಿ ಗುಳಿಗೆ ಕರಗುವಾಗ ಅದು ಕೂತ ಚಿಕ್ಕ ಜಾಗದಲ್ಲಿ ಕಬ್ಬಿಣದ ಲವಣ ಬಹಳ ಗಾಢವಾಗಿರುತ್ತದೆ. ಈ ರೂಪದ ಕಬ್ಬಿಣ ತೀಕ್ಷ್ಣವಾದ ಆಮ್ಲಜನಕದ ಕಣಗಳನ್ನು ಹುಟ್ಟಿಸಿ ಒಳಪದರದ ಜೀವಕೋಶಗಳನ್ನು ಕೆಣಕುತ್ತದೆ. ಉರಿ, ಓಕರಿಕೆ, ಕೆಲವೊಮ್ಮೆ ವಾಂತಿ ಬರುವುದು ಇದರಿಂದ. ಖಾಲಿ ಹೊಟ್ಟೆಯಲ್ಲಿ ಚೆನ್ನಾಗಿ ಸೇರುತ್ತದೆ, ಅಷ್ಟೇ ಚೆನ್ನಾಗಿ ಉರಿಸುತ್ತದೆ. ಊಟದ ಜೊತೆ ತೆಗೆದುಕೊಂಡರೆ ಉರಿ ತಗ್ಗುತ್ತದೆ, ಆದರೆ ಜೋಳದ ರೊಟ್ಟಿಯಲ್ಲಿರುವ ಫೈಟೇಟ್ ಮತ್ತು ಮೊಸರಿನ ಕ್ಯಾಲ್ಸಿಯಂ ಸೇರುವುದನ್ನೂ ತಗ್ಗಿಸುತ್ತವೆ. ಎರಡರ ನಡುವೆ ದಾರಿ ಹುಡುಕಬೇಕು. ಮೇಲ್ಹೊಟ್ಟೆಯ ಈ ತೊಂದರೆ ಪ್ರಮಾಣ ಹೆಚ್ಚಿದಂತೆ ಹೆಚ್ಚುತ್ತದೆ, ಹಾಗಾಗಿ ಎರಡು ಗುಳಿಗೆಯನ್ನು ಒಮ್ಮೆಲೇ ನುಂಗುವುದು ಎಲ್ಲಕ್ಕಿಂತ ಕೆಟ್ಟ ಕ್ರಮ.

ಒಮ್ಮೆಲೇ ನುಂಗಿದರೆ ಲಾಭವಾದರೂ ಇದೆಯೇ ಎಂದರೆ ಅದೂ ಅಷ್ಟಕ್ಕಷ್ಟೇ. ನಮ್ಮ ಸಕ್ಕರೆ ಕಾರ್ಖಾನೆಗಳ ಮುಂದೆ ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳ ಸಾಲನ್ನು ನೀವು ನೋಡಿದ್ದೀರಿ. ಗಾಣ ದಿನಕ್ಕೆ ಅರೆಯುವಷ್ಟನ್ನೇ ಅರೆಯುತ್ತದೆ, ಮತ್ತೆ ಐವತ್ತು ಟ್ರ್ಯಾಕ್ಟರ್ ಬಂದರೆ ಸಕ್ಕರೆ ಹೆಚ್ಚುವುದಿಲ್ಲ, ರಸ್ತೆ ಕಟ್ಟುತ್ತದೆ. ಕಬ್ಬಿಣಕ್ಕೂ ಗೇಟು ಮುಚ್ಚುವ ಒಬ್ಬನಿದ್ದಾನೆ: ಯಕೃತ್ತು ಬಿಡುಗಡೆ ಮಾಡುವ ಹೆಪ್ಸಿಡಿನ್ ಎಂಬ ಹಾರ್ಮೋನು. 60 ಮಿಲಿಗ್ರಾಂ ಅಥವಾ ಹೆಚ್ಚಿನ ಗುಳಿಗೆ ನುಂಗಿದ ಮೇಲೆ ಇದು ಏರಿ, ಸುಮಾರು ಒಂದು ದಿನ ಮುಂದಿನ ಕಬ್ಬಿಣದ ಹೀರುವಿಕೆಯನ್ನು ಕಡಿಮೆ ಮಾಡುತ್ತದೆ ಎಂಬುದು 2015 ಮತ್ತು 2017ರಲ್ಲಿ ಪ್ರಕಟವಾದ, ಸ್ವಿಟ್ಜರ್‌ಲೆಂಡಿನಲ್ಲಿ ಕಬ್ಬಿಣದ ಕೊರತೆಯಿದ್ದ ಯುವತಿಯರ ಮೇಲೆ ನಡೆದ ಅಧ್ಯಯನಗಳಿಂದ ತಿಳಿಯಿತು. ದಿನ ಬಿಟ್ಟು ದಿನ ಕೊಡುವ ಪದ್ಧತಿ ಚರ್ಚೆಗೆ ಬಂದದ್ದು ಹೀಗೆ. ಆದರೆ ಆ ಯುವತಿಯರು ಗರ್ಭಿಣಿಯರಲ್ಲ, ತೀವ್ರ ರಕ್ತಹೀನತೆಯವರೂ ಅಲ್ಲ. ಗರ್ಭಿಣಿಯರಿಗೆ ನಮ್ಮ ಕಾರ್ಯಕ್ರಮದ ನಿಯಮ ದಿನವೂ ಕೊಡುವುದೇ ಆಗಿದೆ. ಸಭೆಯಿಂದ ಹೋಗಿ ಯಾರೂ ಸ್ವಂತವಾಗಿ ಬದಲಿಸಬಾರದು.

ಇಳಕಲ್ಲಿನ ಸೊಸೆಗೆ ನಾವು ಮಾಡಿದ್ದು ಇಷ್ಟೇ. ಮೊದಲ ವಾರ ಒಂದೇ ಗುಳಿಗೆ, ರಾತ್ರಿ ಊಟವಾಗಿ ಎರಡು ತಾಸಿನ ಮೇಲೆ, ತುಂಬಿದ ಲೋಟ ನೀರಿನೊಡನೆ. ನುಂಗಿದ ಕೂಡಲೇ ಮಲಗಬಾರದು, ಗುಳಿಗೆ ಅನ್ನನಾಳದಲ್ಲಿ ನಿಂತರೆ ಅಲ್ಲೇ ಗಾಯ ಮಾಡುತ್ತದೆ. ಎರಡನೆಯ ವಾರದಿಂದ ಇನ್ನೊಂದು ಗುಳಿಗೆಯನ್ನು ಮಧ್ಯಾಹ್ನದ ಊಟವಾದ ಮೇಲೆ ಲಿಂಬೆ ಶರಬತ್ತಿನ ಜೊತೆ ಸೇರಿಸಿದೆವು. ಚಹಾವನ್ನು ಬಿಡು ಎಂದು ಈ ಜಿಲ್ಲೆಯಲ್ಲಿ ಹೇಳುವ ಧೈರ್ಯ ನನಗಿಲ್ಲ. ಗುಳಿಗೆಗೆ ಹಿಂದೆ ಮುಂದೆ ಎರಡು ತಾಸು ಬೇಡ ಎಂದೆವು. ಓಕರಿಕೆ ಪೂರ್ತಿ ಹೋಗಲಿಲ್ಲ, ತಡೆಯುವಷ್ಟಾಯಿತು. ಮಲ ಕಪ್ಪಾಗಿಯೇ ಇತ್ತು. ತಿಂಗಳ ನಂತರ ಹಿಮೋಗ್ಲೋಬಿನ್ 9.8 ಇತ್ತು, ಅತ್ತೆಯೇ ಪಟ್ಟಿ ಎಣಿಸಿ ಕೊಡುತ್ತಿದ್ದರು.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಮಲಬದ್ಧತೆಯನ್ನು ಪೂರ್ತಿ ಗುಳಿಗೆಯ ತಲೆಗೆ ಕಟ್ಟಬೇಡಿ, ಗರ್ಭಾವಸ್ಥೆಯ ಹಾರ್ಮೋನುಗಳೇ ಕರುಳಿನ ಚಲನೆಯನ್ನು ನಿಧಾನ ಮಾಡಿರುತ್ತವೆ. ನೀರು ಹಾಗೂ ಸೊಪ್ಪಿನ ಪಲ್ಯ ಹೆಚ್ಚಿಸಿ ನೋಡಿ. ಕರುಳಿನಲ್ಲಿ ತಡವಾಗಿ ಕರಗುವ ದುಬಾರಿ ಗುಳಿಗೆಗಳು ಹೊಟ್ಟೆ ಉರಿಸುವುದು ಕಡಿಮೆ ಎಂದು ಅಂಗಡಿಯವರು ಹೇಳುತ್ತಾರೆ. ಅವು ಕರಗುವ ಹೊತ್ತಿಗೆ ಹೀರುವ ಜಾಗ ಹಿಂದೆ ಉಳಿದಿರಬಹುದು.

ಗುಳಿಗೆ ತೆಗೆದುಕೊಳ್ಳುವವರಲ್ಲೂ ರಕ್ತ ಸೋರಬಹುದು. ಮೊಣಕಾಲು ನೋವಿಗೆಂದು ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ನುಂಗುವವರ ವಿಷಯದಲ್ಲಿ ಎಚ್ಚರ ಬೇಕು. ಮಲ ಅಂಟಾಗಿ ನಾರಿದರೆ, ಎದ್ದು ನಿಂತಾಗ ತಲೆ ತಿರುಗಿದರೆ, ವಾಂತಿಯಲ್ಲಿ ರಕ್ತ ಅಥವಾ ಕಪ್ಪು ಕಂಡರೆ, ಗುಳಿಗೆ ಶುರುವಾಗುವ ಮೊದಲೇ ಮಲ ಕಪ್ಪಾಗಿದ್ದರೆ, ಕಬ್ಬಿಣದ ಹೆಸರು ಹೇಳಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಕಳಿಸಿ.

ಕೊನೆಯದು ಮಕ್ಕಳ ವಿಷಯ. ಈ ಗುಳಿಗೆ ಕೆಂಪಗೆ, ಮಿಠಾಯಿಯ ಹಾಗೆ ಕಾಣುತ್ತದೆ. ದೇಹತೂಕದ ಕಿಲೋಗೆ 60 ಮಿಲಿಗ್ರಾಂ ಕಬ್ಬಿಣ ಪ್ರಾಣಕ್ಕೆ ಅಪಾಯ. ಹತ್ತು ಕಿಲೋ ಮಗುವಿಗೆ ಹತ್ತು ಗುಳಿಗೆಯಲ್ಲಿ ಅಷ್ಟಾಯಿತು, ಅದಕ್ಕಿಂತ ಬಹಳ ಕಡಿಮೆಯಲ್ಲೇ ವಾಂತಿಭೇದಿ ಶುರುವಾಗುತ್ತದೆ. ಮೊದಲು ವಾಂತಿಯಾಗಿ, ಕೆಲವು ತಾಸು ಮಗು ಸುಧಾರಿಸಿದಂತೆ ಕಂಡು, ಆಮೇಲೆ ಕುಸಿಯಬಹುದು. ಆ ನಡುವಿನ ಹೊತ್ತನ್ನು ನಂಬಿ ಮನೆಯಲ್ಲಿ ಕಾಯಬಾರದು. ಪಟ್ಟಿಯಲ್ಲಿ ಎಷ್ಟು ಗುಳಿಗೆ ಕಡಿಮೆಯಾಗಿವೆ ಎಂದು ಎಣಿಸಿಕೊಂಡು, ಆ ಪಟ್ಟಿಯನ್ನೂ ಮಗುವಿನ ಜೊತೆಗೇ ಜಿಲ್ಲಾ ಆಸ್ಪತ್ರೆಗೆ ಒಯ್ಯಲು ಹೇಳಿ.